ಟೆನ್ಸ್ ಮೆಷಿನ್ ಚುಚ್ಚುತ್ತಿದೆ, ಹಾಟ್ ಪ್ಯಾಕ್ ಬಿಸಿ ಸಾಲುತ್ತಿಲ್ಲ: ತೊಂದರೆ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಹಳೆಯ ಸೊಂಟ ನೋವಿಗೆ ಮನೆಯಲ್ಲೇ ಟೆನ್ಸ್ ಮೆಷಿನ್, ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸಣ್ಣ ಕರೆಂಟು ಹರಿಸಿ ನೋವು ತಗ್ಗಿಸುವ ಮೆಷಿನ್, ಹಾಕಿಕೊಳ್ಳುವವರು ಸ್ವಲ್ಪ ದಿನ ಕಳೆದ ಮೇಲೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮೊದಮೊದಲು ಚೆನ್ನಾಗಿತ್ತು. ಈಗ ಏನೂ ಗೊತ್ತಾಗ್ತಿಲ್ಲ, ಅದಕ್ಕೆ ಜಾಸ್ತಿ ಇಟ್ಕೊಂಡೆ." ಹಾಟ್ ಪ್ಯಾಕ್ ವಿಷಯದಲ್ಲೂ ಹಾಗೇ. "ಬಿಸಿನೇ ಹತ್ತಲಿಲ್ಲ, ಒಂದು ಟವೆಲ್ ತೆಗೆದೆ." ಫಿಸಿಯೋಥೆರಪಿ ಕೆಲಸದಲ್ಲಿ ನಾನು ಬೆನ್ನಿನ ಮೇಲೆ ನೋಡುವ ಸುಟ್ಟ ಕಲೆ, ಕೆಂಪು ಚುಕ್ಕೆಗಳ ಹಿಂದೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಇದ್ದೇ ಇರುತ್ತದೆ.

ಜಾಸ್ತಿ ಮಾಡುವುದು ಯಾವಾಗಲೂ ತಪ್ಪಲ್ಲ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಡಿಮೆಯಾಗಿದ್ದು ಎಲ್ಲ ಪ್ಯಾಡ್‌ಗಳಲ್ಲೂ ಸಮನಾಗಿಯೋ, ಅಥವಾ ಒಂದೇ ಕಡೆಯೋ? ನಿಧಾನವಾಗಿಯೋ, ಅಥವಾ ಇದ್ದಕ್ಕಿದ್ದಂತೆಯೋ? ಎಲ್ಲ ಕಡೆ ಸಮನಾಗಿ, ನಿಧಾನವಾಗಿ ಮಂದವಾದರೆ ನರ ಅದಕ್ಕೆ ಒಗ್ಗಿಕೊಂಡಿದೆ ಎಂದರ್ಥ. ಆಗ ಸ್ವಲ್ಪ ಏರಿಸಬಹುದು. ಒಂದೇ ಕಡೆ ಮಂದವಾದರೆ, ಚುಚ್ಚಿದರೆ, ಅಥವಾ ತಟ್ಟನೆ ನಿಂತು ಹೋದರೆ ಏರಿಸಬಾರದು. ಎಲ್ಲೋ ದೋಷವಿದೆ. ಅದನ್ನು ಹುಡುಕಬೇಕು.

ಮೆಷಿನ್ ಮುಟ್ಟಲೇಬಾರದವರು

ಪೇಸ್‌ಮೇಕರ್ ಅಥವಾ ದೇಹದೊಳಗೆ ಇಟ್ಟಿರುವ ಬೇರೆ ಯಾವುದೇ ವಿದ್ಯುತ್ ಸಾಧನ ಇರುವವರು ಡಾಕ್ಟರ್ ಸ್ಪಷ್ಟವಾಗಿ ಒಪ್ಪದೆ ಟೆನ್ಸ್ ಬಳಸಬಾರದು. ಮೂರ್ಛೆ ರೋಗ ಇರುವವರು, ಗರ್ಭಿಣಿಯರು, ಕ್ಯಾನ್ಸರ್ ಇರುವವರು ಕೇಳದೆ ಶುರು ಮಾಡಬಾರದು. ಪ್ಯಾಡ್ ಹಾಕುವ ಜಾಗದಲ್ಲಿ ಗಾಯ, ಸೋಂಕು ಇದ್ದರೂ ಬೇಡ. ಬೆನ್ನಿಗೆಂದು ತಂದ ಮೆಷಿನ್ನನ್ನು ಕತ್ತಿನ ಮುಂಭಾಗಕ್ಕೆ, ತಲೆಗೆ, ಎದೆಗೆ ಹಾಕಿ ನೋಡುವ ಆಸೆ ಬೇಡ. ಗಾಡಿ ಓಡಿಸುವಾಗ, ಸ್ನಾನದಲ್ಲಿ, ನಿದ್ದೆಯಲ್ಲಿ ಬಳಸುವಂತಿಲ್ಲ. ಚಾರ್ಜ್‌ಗೆ ಹಾಕಿದ ಮೆಷಿನ್ ಮೈಮೇಲೆ ಇರಕೂಡದು.

ಸರಿಯಾಗಿದ್ದಾಗ ಹೇಗಿರುತ್ತದೆ

ದೋಷ ಹುಡುಕಬೇಕಾದರೆ ಸರಿ ಹೇಗಿರುತ್ತದೆಂದು ಗೊತ್ತಿರಬೇಕು, ಅಲ್ವಾ? ಮನೆಯಲ್ಲಿ ಶುರು ಮಾಡುವವರಿಗೆ ನಾನು ಕೊಡುವ ಸೆಟ್ಟಿಂಗ್ ಇದು. ಪರದೆಯ ಮೇಲೆ Hz ಎಂದಿರುವಲ್ಲಿ 80ರಿಂದ 100. µs ಎಂದಿರುವಲ್ಲಿ 100ರಿಂದ 200ರೊಳಗೆ. ಮೊದಲನೆಯದು ಸೆಕೆಂಡಿಗೆ ಎಷ್ಟು ಬಾರಿ ವಿದ್ಯುತ್ ಮಿಡಿಯುತ್ತದೆ ಎಂದು ಹೇಳುತ್ತದೆ. ಎರಡನೆಯದು ಒಂದೊಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂದು. ಪರದೆಯಲ್ಲಿ ಬರೀ ಪ್ರೋಗ್ರಾಂ ನಂಬರ್ ತೋರಿಸುವ ಮೆಷಿನ್ ಆದರೆ ಅದರ ಜೊತೆ ಬಂದ ಪುಸ್ತಕದಲ್ಲಿ ಈ ಅಂಕಿಗಳಿಗೆ ಹತ್ತಿರವಿರುವ ಪ್ರೋಗ್ರಾಂ ಹುಡುಕಿ.

ಪ್ಯಾಡ್‌ಗಳನ್ನು ಬೆನ್ನುಮೂಳೆಯ ಮೇಲೆ ಅಂಟಿಸಬೇಡಿ. ಮೂಳೆಯ ಎರಡೂ ಬದಿಯಲ್ಲಿ ಉದ್ದಕ್ಕೆ ಮಾಂಸ ಸಿಗುತ್ತದೆ, ಅಲ್ಲಿ ಅಂಟಿಸಿ. ನಾಲ್ಕು ಪ್ಯಾಡ್ ಇದ್ದರೆ ಎಡಕ್ಕೆ ಒಂದು ಚಾನೆಲ್‌ನ, ಅಂದರೆ ಮೆಷಿನ್ನಿನ ಒಂದು ತೂತಿನಿಂದ ಬರುವ ವೈರಿನ ಎರಡು, ಬಲಕ್ಕೆ ಇನ್ನೊಂದು ಚಾನೆಲ್‌ನ ಎರಡು. ನೋವಿರುವ ಜಾಗಕ್ಕಿಂತ ಒಂದು ಮೇಲೆ, ಒಂದು ಕೆಳಗೆ. ಪ್ಯಾಡ್‌ಗಳ ನಡುವೆ ಕಡಿಮೆ ಅಂದರೂ ಎರಡು ಬೆರಳಗಲ ಜಾಗ ಇರಲಿ. ಅಂಚಿಗೆ ಅಂಚು ತಾಗಿದರೆ ಕರೆಂಟು ಚರ್ಮದೊಳಗೆ ಹೋಗದೆ ಪ್ಯಾಡಿನಿಂದ ಪ್ಯಾಡಿಗೆ ಹಾರುತ್ತದೆ. ಆಗಲೂ 'ಏನೂ ಗೊತ್ತಾಗ್ತಿಲ್ಲ' ಎನ್ನುವ ಹಾಗೇ ಆಗುತ್ತದೆ.

ಪವರನ್ನು ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಿ. ಮೊದಲು ಇರುವೆ ಹರಿದಂತೆ ಗೊತ್ತಾಗುತ್ತದೆ. ಆಮೇಲೆ ದಟ್ಟವಾದ ಜುಮ್ಮೆನ್ನುವಿಕೆ ಬರುತ್ತದೆ. ಇನ್ನೂ ಏರಿಸಿದರೆ ಹಿಂಸೆ ಎನಿಸುತ್ತದೆ, ಅಥವಾ ಮಾಂಸ ಬಿಗಿಯಲು ಶುರುವಾಗುತ್ತದೆ. ಅಲ್ಲಿಂದ ಒಂದೆರಡು ಮೆಟ್ಟಿಲು ಇಳಿಸಿ. ಜೋರಾಗಿರಬೇಕು, ಆದರೆ ಹಿತವಾಗಿರಬೇಕು. ತೀರಾ ಮೆತ್ತಗೆ ಇಟ್ಟರೆ ಪ್ರಯೋಜನ ಕಡಿಮೆ. ಒಂದು ಸಲಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ಪ್ರತಿ ಸಲ ಪ್ಯಾಡ್ ತೆಗೆದ ಮೇಲೆ ಚರ್ಮ ನೋಡಬೇಕು. ಬೆನ್ನು ಕಾಣದಿದ್ದರೆ ಫೋನಿನಲ್ಲಿ ಒಂದು ಫೋಟೋ ತೆಗೆದು ನೋಡಿ.

ಹತ್ತು ನಿಮಿಷದ ನಂತರ ಜುಮ್ಮೆನ್ನುವಿಕೆ ಮಂದವಾಗುವುದು ಸಹಜ. ಆಗ ಒಂದೆರಡು ಮೆಟ್ಟಿಲು ಏರಿಸುವುದೂ ಸರಿಯೇ. ವಾರಗಳ ಲೆಕ್ಕದಲ್ಲಿ ಪರಿಣಾಮ ಕುಗ್ಗಿದರೆ ಪವರ್ ಏರಿಸುತ್ತಾ ಹೋಗುವುದಕ್ಕಿಂತ ಮಿಡಿತ ತಾನಾಗಿ ಬದಲಾಗುತ್ತಿರುವ ಪ್ರೋಗ್ರಾಂಗೆ ಹೋಗುವುದು ಒಳ್ಳೆಯದು. ಇದನ್ನು ಮಾಡ್ಯುಲೇಶನ್ ಎನ್ನುತ್ತಾರೆ. ನರಕ್ಕೆ ಒಂದೇ ತಾಳ ಸಿಗದಿದ್ದರೆ ಅದು ಬೇಗ ಒಗ್ಗಿಕೊಳ್ಳುವುದಿಲ್ಲ. ಸೆಕೆಂಡಿಗೆ 2ರಿಂದ 4 ಮಿಡಿತದ ನಿಧಾನದ ಪ್ರೋಗ್ರಾಂ ಕೂಡ ಇರುತ್ತದೆ. ಅದರಲ್ಲಿ ಮಾಂಸ ಟಕ್ ಟಕ್ ಎಂದು ಅದುರುವುದು ಕಾಣುತ್ತದೆ. ಅದಕ್ಕೆ ಇಪ್ಪತ್ತು, ಮೂವತ್ತು ನಿಮಿಷದ ಮಿತಿ ಇಟ್ಟುಕೊಳ್ಳಿ. ಹೆಚ್ಚಾದರೆ ಮರುದಿನ ಆ ಮಾಂಸವೇ ನೋಯುತ್ತದೆ, ಸೊಂಟ ನೋವು ಜಾಸ್ತಿಯಾಯಿತು ಎಂದು ನೀವು ಗಾಬರಿಯಾಗುತ್ತೀರಿ.

ಒಂದು ಪ್ರಸಂಗ: ಬಲಗಡೆ 12 ಇದ್ದದ್ದು 19 ಆಯಿತು

ಐವತ್ತು ದಾಟಿದ ಒಬ್ಬರು ಮೆಷಿನ್ ಸಮೇತ ಬಂದಿದ್ದರು. ದಿನವಿಡೀ ಕೂತು ಮಾಡುವ ಕೆಲಸ, ಸೊಂಟದ ಕೆಳಭಾಗದಲ್ಲಿ ಹಳೆಯ ನೋವು. ಎರಡೂ ಚಾನೆಲ್‌ನಲ್ಲಿ 12ನೇ ಮೆಟ್ಟಿಲಿಗೆ ಹಿತವಾಗಿರುತ್ತಿತ್ತಂತೆ. ಬರಬರುತ್ತಾ ಎಡಕ್ಕೆ 12 ಸಾಕು, ಬಲಕ್ಕೆ ಮಾತ್ರ 19 ಬೇಕು ಎನ್ನುವ ಸ್ಥಿತಿ. ಜೊತೆಗೆ ಬಲಗಡೆ ಕೆಳಗಿನ ಪ್ಯಾಡ್ ಸೂಜಿಯಂತೆ ಚುಚ್ಚುತ್ತಿತ್ತು. "ಬಲಗಡೆ ನರ ಸತ್ತು ಹೋಗಿದೆಯಾ?" ಎಂಬ ಭಯ ಅವರಿಗೆ.

ಅವರ ಬೆನ್ನು ನೋಡಿದರೆ ಬಲಗಡೆ ಕೆಳಗಿನ ಪ್ಯಾಡಿನ ಒಂದು ಮೂಲೆಯ ಜಾಗದಲ್ಲಿ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಗುಂಪಾಗಿದ್ದವು. ಉಳಿದ ಮೂರು ಜಾಗದಲ್ಲಿ ಏನೂ ಇರಲಿಲ್ಲ. ಈ ಗುರುತು ಬಹಳ ಹೇಳುತ್ತದೆ. ಪ್ಯಾಡಿನ ಇಡೀ ಚೌಕ ತೆಳುವಾಗಿ ಗುಲಾಬಿಯಾಗಿ, ಒಂದು ಗಂಟೆಯೊಳಗೆ ಮಾಸಿದರೆ ಚಿಂತೆಯಿಲ್ಲ. ಚುಕ್ಕೆ, ಅಂಚಿನ ಗೆರೆ, ಗುಳ್ಳೆ, ಮರುದಿನವೂ ಉಳಿಯುವ ಕೆಂಪು ಬಂದರೆ ಕರೆಂಟು ಸಮನಾಗಿ ಹರಡುತ್ತಿಲ್ಲ ಎಂದರ್ಥ. ಇನ್ನೊಂದು ಬಗೆಯೂ ಇದೆ. ಇಡೀ ಚೌಕದ ಆಕಾರದಲ್ಲೇ ತುರಿಕೆ ಎದ್ದರೆ ಪ್ಯಾಡಿನ ಅಂಟು ಚರ್ಮಕ್ಕೆ ಒಗ್ಗುತ್ತಿಲ್ಲ. ಅಲ್ಲಿ ಪವರ್ ಇಳಿಸಿ ಪ್ರಯೋಜನವಿಲ್ಲ. ಚರ್ಮ ವಾಸಿಯಾದ ಮೇಲೆ ಬೇರೆ ಬಗೆಯ ಪ್ಯಾಡ್ ತರಬೇಕು.

ಆಮೇಲೆ ಅದಲುಬದಲು ಮಾಡಿ ನೋಡಿದೆವು. ಇದನ್ನು ಮನೆಯಲ್ಲಿ ಯಾರೂ ಮಾಡಬಹುದು. ಕೆಂಪಾದ ಜಾಗದಲ್ಲಿ ಮಾತ್ರ ಪರೀಕ್ಷೆ ಬೇಡ. ಪ್ಯಾಡನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿಕೊಳ್ಳಿ. ಮೆಷಿನ್ ಪೂರ್ತಿ ಆಫ್ ಮಾಡದೆ ಯಾವ ಪ್ಯಾಡನ್ನೂ, ಯಾವ ಪಿನ್ನನ್ನೂ ಮುಟ್ಟಬೇಡಿ.

ಮೊದಲು ವೈರ್ ಅದಲುಬದಲು. ಬಲಗಡೆಯ ವೈರನ್ನು ಎಡ ಚಾನೆಲ್‌ನ ತೂತಿಗೆ, ಎಡದ್ದನ್ನು ಬಲಕ್ಕೆ ಚುಚ್ಚಿ, ಸೊನ್ನೆಯಿಂದ ಏರಿಸಿದೆವು. ಮೆಷಿನ್ನಿನ ಆ ಚಾನೆಲ್ಲೇ ಕೆಟ್ಟಿದ್ದರೆ ಈಗ ತೊಂದರೆ ಎಡಗಡೆಗೆ ಬರಬೇಕಿತ್ತು. ಬರಲಿಲ್ಲ. ಬಲಗಡೆಯೇ ಚುಚ್ಚಿತು. ಅಂದರೆ ಮೆಷಿನ್ ಸರಿ ಇದೆ. ವೈರ್, ಪ್ಯಾಡ್, ಚರ್ಮ ಈ ಮೂರರಲ್ಲಿ ಒಂದು.

ಆಮೇಲೆ ಪ್ಯಾಡ್ ಅದಲುಬದಲು. ವೈರನ್ನು ಹಾಗೇ ಬಿಟ್ಟು, ಬಲಗಡೆ ಕೆಳಗಿನ ಪ್ಯಾಡನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಅಂಟಿಸಿದೆವು. ಈ ಸಲ ಎಡಗಡೆ ಚುಚ್ಚಿತು, ಬಲಗಡೆ ಹಿತವಾಯಿತು. ತೊಂದರೆ ಪ್ಯಾಡಿನ ಜೊತೆಗೇ ಓಡಾಡುತ್ತಿದೆ. ನರ ಸತ್ತಿಲ್ಲ, ವೈರೂ ಕೆಟ್ಟಿಲ್ಲ. ಪ್ಯಾಡನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಒಂದು ಮೂಲೆ ಗಟ್ಟಿಯಾಗಿ ಬಿಳಿಚಿಕೊಂಡಿತ್ತು, ಅಲ್ಲಿ ಬಟ್ಟೆಯ ನಯವಾದ ನಾರು ಅಂಟಿತ್ತು. ಬೆರಳಿಟ್ಟರೆ ಆ ಮೂಲೆ ಹಿಡಿಯುತ್ತಲೇ ಇರಲಿಲ್ಲ.

ಪ್ಯಾಡ್ ಒಣಗಿದರೆ ಚುಚ್ಚುವುದೇಕೆ? ಒಂದು ಚಾನೆಲ್‌ನ ಎರಡು ಪ್ಯಾಡ್‌ಗಳಲ್ಲಿ ಹರಿಯುವ ಕರೆಂಟು ಒಂದೇ. ಒಂದರಿಂದ ಹೋಗಿ ಇನ್ನೊಂದರಿಂದ ವಾಪಸ್ ಬರುತ್ತದೆ. ಒಂದು ಪ್ಯಾಡ್ ಇಡೀ ಮೈ ಅಂಟಿಕೊಂಡಿದೆ, ಇನ್ನೊಂದು ನಾಲ್ಕಾರು ಕಡೆ ಮಾತ್ರ ಚರ್ಮ ಮುಟ್ಟುತ್ತಿದೆ ಎಂದುಕೊಳ್ಳಿ. ಅಷ್ಟೂ ಕರೆಂಟು ಆ ಸಣ್ಣ ಜಾಗಗಳಲ್ಲೇ ನುಗ್ಗಬೇಕು. ನೀರಿನ ಪೈಪಿನ ಬಾಯಿ ಹಿಂಡಿದರೆ ನೀರು ಚಿಮ್ಮುವ ಹಾಗೆ. ಮೇಲಿನ ಪ್ಯಾಡಿನಲ್ಲಿ ಮಂದ, ಕೆಳಗಿನದರಲ್ಲಿ ಚುಚ್ಚು. ಮಂದ ಎಂದು ಪವರ್ ಏರಿಸಿದಷ್ಟೂ ಕೆಳಗೆ ಚುಚ್ಚುವುದು ಜಾಸ್ತಿಯಾಗುತ್ತದೆ. 12 ಹೋಗಿ 19 ಆದದ್ದು ಹೀಗೆ.

ಒಣಗುತ್ತಿರುವ ಪ್ಯಾಡಿಗೆ ಬೆರಳ ತುದಿಯಲ್ಲಿ ಒಂದು ಹನಿ ನೀರು ಸವರಿ, ಎರಡು ನಿಮಿಷ ಬಿಟ್ಟರೆ ಕೆಲವು ಸಲ ಜೀವ ಬರುತ್ತದೆ. ಮೂಲೆ ಎದ್ದಿದ್ದರೆ, ನಾರು ಅಂಟಿದ್ದರೆ ಅದನ್ನು ಬಿಸಾಡಬೇಕು. ಮೇಲೆ ಟೇಪ್ ಹಾಕಿ ಒತ್ತಿ ಹಿಡಿಸುವವರಿದ್ದಾರೆ. ಅದರಿಂದ ಅಂಟುತ್ತದೆ, ಕರೆಂಟು ಮಾತ್ರ ಸಮನಾಗಿ ಹರಡುವುದಿಲ್ಲ. ಇಪ್ಪತ್ತು, ಮೂವತ್ತು ಸಲ ಬಳಸಿದ ಪ್ಯಾಡಿನ ಆಯಸ್ಸು ಮುಗಿಯುತ್ತಾ ಬಂದಿದೆ ಎಂದು ತಿಳಿಯಿರಿ. ಬೆವರು, ಎಣ್ಣೆ ಇದ್ದರೆ ಇನ್ನೂ ಬೇಗ. ಬಳಸಿದ ಮೇಲೆ ಜೊತೆಗೆ ಬಂದ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿ, ಚೀಲದಲ್ಲಿ ಮುಚ್ಚಿಡಿ. ಬದಲಿಸುವಾಗ ಒಂದು ಚಾನೆಲ್‌ನ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಸೇರಿದರೆ ಮತ್ತೆ ಅದೇ ಕಥೆ.

ಅವರು ಹೊಸ ಪ್ಯಾಡ್ ತಂದ ದಿನ ನಾನು ಒತ್ತಿ ಹೇಳಿದ್ದು ಒಂದೇ: 19ರಿಂದ ಶುರು ಮಾಡಬೇಡಿ. ಹಿಂದಿನ ಸಲದ ಪವರ್ ನೆನಪಿಟ್ಟುಕೊಳ್ಳುವ ಮೆಷಿನ್ ಆದರೆ ಪ್ಯಾಡ್ ಹಾಕುವ ಮೊದಲೇ ಅದನ್ನು ಸೊನ್ನೆಗೆ ಇಳಿಸಬೇಕು. ಹೊಸ ಪ್ಯಾಡಿಗೆ 11ರಲ್ಲೇ ಅವರಿಗೆ ಸಾಕಾಯಿತು. ಎರಡೂ ಕಡೆ ಸಮ.

ತಟ್ಟನೆ ನಿಂತು, ತಟ್ಟನೆ ಬರುವುದು

ಇದು ಪ್ಯಾಡ್ ಒಣಗಿದ ಲಕ್ಷಣವಲ್ಲ. ವೈರಿನದು. ಬಗ್ಗಿದಾಗ ನಿಲ್ಲುತ್ತದೆ, ನೆಟ್ಟಗಾದಾಗ ಝಳಕ್ ಎಂದು ಬರುತ್ತದೆ. ಪಿನ್ನಿನ ಬುಡದಲ್ಲಿ ವೈರ್ ಒಳಗೆ ತುಂಡಾಗಿರುತ್ತದೆ, ಮೇಲಿನ ರಬ್ಬರ್ ಮಾತ್ರ ಸರಿ ಕಾಣುತ್ತದೆ. ನಿಂತಾಗ ಪವರ್ ಏರಿಸುವುದು ಇಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ವೈರ್ ಮತ್ತೆ ತಾಗಿದ ಕ್ಷಣ ಏರಿಸಿದ್ದೆಲ್ಲ ಒಮ್ಮೆಗೇ ಬಡಿಯುತ್ತದೆ. ಪರೀಕ್ಷೆಗೆ ಒಂದು ಚಾನೆಲ್‌ನ ಎರಡು ಪ್ಯಾಡನ್ನೂ ಒಂದೇ ಮುಂಗೈ ಮೇಲೆ ಹಾಕಿ, ಮೆಲ್ಲಗೆ ಗೊತ್ತಾಗುವಷ್ಟು ಮಾತ್ರ ಇಟ್ಟು, ಪಿನ್ನಿನ ಹತ್ತಿರ ವೈರನ್ನು ನಿಧಾನವಾಗಿ ಬಾಗಿಸಿ. ಬಿಟ್ಟು ಬಿಟ್ಟು ಬಂದರೆ ವೈರ್ ಬದಲಿಸಿ. ಎಡಗೈಗೆ ಒಂದು, ಬಲಗೈಗೆ ಒಂದು ಹಾಕಿ ನೋಡಲೇಬೇಡಿ. ಕರೆಂಟು ಎದೆಯನ್ನು ದಾಟುತ್ತದೆ.

ಎಲ್ಲ ಚಾನೆಲ್ಲೂ ಒಟ್ಟಿಗೆ ಸೊರಗಿದ್ದರೆ ಬ್ಯಾಟರಿ ನೋಡಿ, ಅಷ್ಟೇ.

ತೊಂದರೆ ಜಾಗ ಬಿಟ್ಟು ಕದಲದಿದ್ದರೆ

ಪ್ಯಾಡ್ ಬದಲಾಯಿತು, ವೈರ್ ಬದಲಾಯಿತು, ಆದರೂ ಅದೇ ಜಾಗದಲ್ಲಿ ಚುಚ್ಚುತ್ತದೆ ಅಥವಾ ಅದೇ ಜಾಗದಲ್ಲಿ ಏನೂ ಗೊತ್ತಾಗುವುದಿಲ್ಲ. ಈಗ ಚರ್ಮದ ಕಡೆ ತಿರುಗಬೇಕು.

ಚುಚ್ಚುವುದಾದರೆ ಹೆಚ್ಚಿನ ಸಲ ಕಾರಣ ಗೀರು, ಬೆವರುಸಾಲೆ, ಇಲ್ಲವೇ ಆ ದಿನ ಕೂದಲು ಬೋಳಿಸಿದ್ದು. ಬೋಳಿಸುವ ಬದಲು ಕತ್ತರಿಯಿಂದ ಗಿಡ್ಡ ಮಾಡಿದರೆ ಸಾಕು. ನೋವಿನ ಬಾಮ್ ಹಚ್ಚಿದ ಜಾಗಕ್ಕೂ ಪ್ಯಾಡ್ ಹಾಕಬಾರದು. ಎಣ್ಣೆಯ ಅಂಶ ಇದ್ದಲ್ಲಿ ಪ್ಯಾಡ್ ಹಿಡಿಯುವುದಿಲ್ಲ, ಇಲ್ಲದ ಕಡೆ ಹಿಡಿಯುತ್ತದೆ. ಮತ್ತೆ ಅದೇ ಅಸಮ. ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಏನೂ ಗೊತ್ತಾಗದಿದ್ದರೆ ಹೆಚ್ಚು ಎಚ್ಚರ ಬೇಕು. ಕಣ್ಣು ಮುಚ್ಚಿ ಕೂತು, ಮನೆಯವರಿಗೆ ಹತ್ತಿಯಿಂದ ಆ ಜಾಗವನ್ನೂ, ಅದರ ಎದುರು ಬದಿಯ ಅದೇ ಜಾಗವನ್ನೂ ಮುಟ್ಟಲು ಹೇಳಿ. ಎರಡೂ ಒಂದೇ ಥರ ಗೊತ್ತಾಗಬೇಕು. ಒಂದು ಕಡೆ ಗೊತ್ತಾಗದಿದ್ದರೆ, ಅಥವಾ ದಪ್ಪ ಬಟ್ಟೆಯ ಮೇಲಿಂದ ಮುಟ್ಟಿದಂತಿದ್ದರೆ, ಅಲ್ಲಿಗೆ ಟೆನ್ಸೂ ಬೇಡ, ಹಾಟ್ ಪ್ಯಾಕೂ ಬೇಡ. ಈ ಎರಡರಲ್ಲೂ ಸುರಕ್ಷಿತ ಮಿತಿಯನ್ನು ಹೇಳುವುದು ನಿಮ್ಮ ಚರ್ಮವೇ. ಅದಕ್ಕೇ ಗೊತ್ತಾಗದಿದ್ದರೆ ಮಿತಿ ದಾಟಿದ್ದು ಯಾರಿಗೂ ತಿಳಿಯುವುದಿಲ್ಲ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇರುವವರು, ಬೆನ್ನಿಗೆ ಆಪರೇಶನ್ ಆದವರು ಬಳಸುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳಬೇಕು. ಹೊಸದಾಗಿ ಮರಗಟ್ಟಿದ್ದರೆ ಡಾಕ್ಟರ್‌ಗೆ ತೋರಿಸಿ.

ಹಾಟ್ ಪ್ಯಾಕ್: 'ಬಿಸಿ ಸಾಲುತ್ತಿಲ್ಲ'

ಬಿಸಿ ಇಟ್ಟ ಮೊದಲ ನಿಮಿಷಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಆಮೇಲೆ ಚರ್ಮ ಒಗ್ಗಿಕೊಂಡು 'ತಣ್ಣಗಾಯಿತು' ಎನಿಸುತ್ತದೆ. ಪ್ಯಾಕ್ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆಗ ಟವೆಲ್ ತೆಗೆಯುವುದೇ ಅಪಾಯ. ಚರ್ಮದ ಶಾಖ 44 ಡಿಗ್ರಿಯಲ್ಲಿ ನಿಂತರೆ ಸುಡಲು ಸುಮಾರು ಆರು ಗಂಟೆ ಬೇಕು. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ನಡುವೆ ಒಂದೊಂದು ಡಿಗ್ರಿ ಏರಿದಂತೆ ಸಮಯ ಸರಸರನೆ ಕುಗ್ಗುತ್ತದೆ. ಒಂದು ಪದರ ಬಟ್ಟೆಯ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಬಿಸಿಯ ಲೆಕ್ಕ ಬೆನ್ನಿಗೆ ಬಿಡಬೇಡಿ. ಟವೆಲ್ ಪದರ ಮತ್ತು ಗಡಿಯಾರಕ್ಕೆ ಬಿಡಿ.

ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಜೇಡಿ ತುಂಬಿದ ಪ್ಯಾಕಿಗೆ ಕ್ಲಿನಿಕ್ಕಿನಲ್ಲಿ ಆರರಿಂದ ಎಂಟು ಪದರ ಟವೆಲ್ ಹಾಕುತ್ತೇವೆ. ಮನೆಯ ಜೆಲ್ ಪ್ಯಾಕಿಗೆ ಅದರ ಕವರ್ ಮೇಲೆ ಇನ್ನೊಂದು ಟವೆಲ್ ಸುತ್ತಿ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ್ದಾದರೆ ಚೆನ್ನಾಗಿ ಹಿಸುಕಿ ಕಲಸಿ, ಯಾಕೆಂದರೆ ಒಂದು ಕಡೆ ಉಗುರುಬೆಚ್ಚಗೆ, ಇನ್ನೊಂದು ಕಡೆ ಕೆಂಡದಂತೆ ಇರುತ್ತದೆ. ಮೊಣಕೈ ಒಳಬದಿಗೆ ಹಿಡಿದು ನೋಡಿ ಆಮೇಲೆ ಬೆನ್ನಿಗೆ ಇಡಿ. ರಬ್ಬರ್ ಚೀಲವಾದರೆ ಕುದಿಯುವ ನೀರು ಬೇಡ, ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹೊರಗೆ ಒತ್ತಿ ಮುಚ್ಚಿ. ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಐದು ನಿಮಿಷಕ್ಕೆ ಒಮ್ಮೆ ಎತ್ತಿ ಚರ್ಮ ನೋಡಿ. ಸಮನಾದ ತೆಳು ಕೆಂಪು ಸರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ, ಕೈಯಿಂದ ಮುಟ್ಟಿ ಬೆಚ್ಚಗಿದೆಯೋ ಸುಡುತ್ತಿದೆಯೋ ನೋಡಬೇಕು. ಕೆಂಪು ಬಿಳಿ ತೇಪೆಯಾಗಿ ಕಂಡರೆ ಜಾಸ್ತಿಯಾಯಿತು, ತೆಗೆಯಿರಿ.

ಪ್ಯಾಕಿನ ಮೇಲೆ ಮಲಗಬೇಡಿ. ಮೈಭಾರಕ್ಕೆ ಟವೆಲ್ ಚಪ್ಪಟೆಯಾಗುತ್ತದೆ, ರಕ್ತ ಹರಿದು ಬಿಸಿಯನ್ನು ಸಾಗಿಸುವುದು ನಿಲ್ಲುತ್ತದೆ, ಬಿಸಿ ಅಲ್ಲೇ ಕೂರುತ್ತದೆ. ಬೋರಲು ಅಥವಾ ಪಕ್ಕಕ್ಕೆ ಮಲಗಿ ಮೇಲಿಂದ ಇಡಿ. ಬಾಮ್ ಹಚ್ಚಿದ ಮೇಲೆ ಬಿಸಿ ಇಡುವುದೂ ಬೇಡ. ದಿನಾ ಗಂಟೆಗಟ್ಟಲೆ ಹೀಟಿಂಗ್ ಪ್ಯಾಡ್ ಇಟ್ಟುಕೊಳ್ಳುವವರ ಸೊಂಟದಲ್ಲಿ ಬಲೆಯಂತೆ ಕಂದು ಗೆರೆಗಳು ಮೂಡುತ್ತವೆ. ಸುಟ್ಟ ನೋವು ಇರುವುದಿಲ್ಲ, ಅದಕ್ಕೇ ಗಮನಕ್ಕೆ ಬರುವುದಿಲ್ಲ. ಅದು ಕಂಡರೆ ಆ ಜಾಗಕ್ಕೆ ಬಿಸಿ ಪೂರ್ತಿ ನಿಲ್ಲಿಸಿ, ಚರ್ಮದ ಡಾಕ್ಟರ್‌ಗೆ ತೋರಿಸಿ.

ಎರಡನ್ನೂ ಬಳಸುವುದಾದರೆ ಒಟ್ಟಿಗೆ ಬೇಡ. ಮೊದಲು ಬಿಸಿ, ಆಮೇಲೆ ಬೆವರು ಒರೆಸಿ, ಚರ್ಮ ತಣಿದ ಮೇಲೆ ಟೆನ್ಸ್. ಪ್ಯಾಡಿನ ಮೇಲೆ ಹಾಟ್ ಪ್ಯಾಕ್ ಇಟ್ಟರೆ ಅಂಟು ಕರಗುತ್ತದೆ. ಜೊತೆಗೆ ಜುಮ್ಮೆನ್ನುತ್ತಿರುವ ಚರ್ಮಕ್ಕೆ ಸುಡುವುದು ಸರಿಯಾಗಿ ತಿಳಿಯುವುದಿಲ್ಲ.

ಎಲ್ಲ ಸರಿ ಇದ್ದೂ ನೋವು ತಗ್ಗದಿದ್ದರೆ

ಟೆನ್ಸ್ ಬೆನ್ನನ್ನು ರಿಪೇರಿ ಮಾಡುವುದಿಲ್ಲ. ಸ್ಪರ್ಶದ ನರಗಳನ್ನು ಎಬ್ಬಿಸಿ, ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಮುಂದೆ ಹೋಗುವುದನ್ನು ತಗ್ಗಿಸುತ್ತದೆ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್‌ಜ್ಯಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ವಿವರಣೆ ಇದು. ಆರಾಮ ಸಿಕ್ಕರೂ ಹೆಚ್ಚಾಗಿ ಮೆಷಿನ್ ಓಡುವಾಗ ಮತ್ತು ಅದಾದ ಸ್ವಲ್ಪ ಹೊತ್ತು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಹಳೆಯ ಸೊಂಟ ನೋವಿಗೆ ಟೆನ್ಸನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದೇ ಹೇಳುತ್ತದೆ. ಆದರೂ ಕೆಲವರಿಗೆ ಆ ಅರ್ಧ ಗಂಟೆಯ ಬಿಡುವು ನಡೆದಾಡಲು, ವ್ಯಾಯಾಮ ಮಾಡಲು ಸಿಗುವ ಅವಕಾಶ. ನಾನು ಅದನ್ನು ಅಷ್ಟಕ್ಕೇ ಬಳಸಲು ಹೇಳುತ್ತೇನೆ. ಸರಿಯಾದ ಪ್ಯಾಡ್, ಸರಿಯಾದ ಜಾಗ, ಜೋರಾದರೂ ಹಿತವಾದ ಪವರ್, ಇಷ್ಟು ಇಟ್ಟು ಎರಡು ಮೂರು ವಾರ ನೋಡಿದರೂ ಮೆಷಿನ್ ಹಾಕಿದಾಗ ನಿಮಗೆ ಏನೂ ಹೆಚ್ಚು ಮಾಡಲಾಗದಿದ್ದರೆ ಅದನ್ನು ಬಿಡಬಹುದು.

ಕೆಲವು ನೋವಿಗೆ ಮೆಷಿನ್ನಿನಲ್ಲಿ ದೋಷ ಹುಡುಕುತ್ತಾ ಕೂರಲೇಬಾರದು. ಮೂತ್ರ ಕಟ್ಟಿದರೆ, ಮೂತ್ರ ಅಥವಾ ಮಲ ತಡೆಯಲಾಗದಿದ್ದರೆ, ಕೂರುವ ಜಾಗ ಮತ್ತು ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ತಗ್ಗದ ರಾತ್ರಿ ನೋವು, ಬಿದ್ದ ನಂತರ ಶುರುವಾದ ಹೊಸ ನೋವು, ಹಿಂದೆ ಕ್ಯಾನ್ಸರ್ ಆಗಿದ್ದುದು, ಇವುಗಳಲ್ಲಿ ಯಾವುದಿದ್ದರೂ ಮೆಷಿನ್ ಮತ್ತು ಹಾಟ್ ಪ್ಯಾಕ್ ಎರಡನ್ನೂ ಪಕ್ಕಕ್ಕಿಟ್ಟು ತಡ ಮಾಡದೆ ಡಾಕ್ಟರ್‌ಗೆ ತೋರಿಸಿ.